ಹತ್ತು ಪರ್ಸೆಂಟ್ ಹದಿನಾಲ್ಕಕ್ಕಿಂತ ದುಬಾರಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ಬರುವ ಸಾಲದ ಜಾಹೀರಾತುಗಳಲ್ಲಿ ಬಡ್ಡಿ ದರ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಅದು ಫ್ಲಾಟ್ ದರವೋ, ರೆಡ್ಯೂಸಿಂಗ್ ಬ್ಯಾಲೆನ್ಸ್ ದರವೋ ಅನ್ನುವುದು ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಒಂದು ಪದ ಗೊತ್ತಿಲ್ಲದೆ ನನ್ನ ತಮ್ಮ ಈಚೆಗೆ ದುಬಾರಿ ಸಾಲವನ್ನೇ ಅಗ್ಗ ಅಂದುಕೊಂಡು ಆರಿಸಿಕೊಂಡ.

ಅವನಿಗೆ ಬೇಕಾಗಿದ್ದುದು 1,20,000, ತೀರಿಸಲು 24 ತಿಂಗಳು. ಒಂದು ಕಡೆ ಶೇ 10 ಫ್ಲಾಟ್, ಇನ್ನೊಂದು ಕಡೆ ಶೇ 14 ರೆಡ್ಯೂಸಿಂಗ್. ಹತ್ತು ಕಮ್ಮಿ ಅಲ್ವಾ ಅಂತ ಮೊದಲನೆಯದಕ್ಕೆ ಸಹಿ ಹಾಕಿದ. ಆಮೇಲೆ ಕಾಗದ ನನ್ನ ಕೈಗೆ ಬಂತು.

ಫ್ಲಾಟ್ ಲೆಕ್ಕ ಬಾಯಲ್ಲೇ ಮಾಡಬಹುದು. ಇಡೀ 1,20,000ಕ್ಕೆ ವರ್ಷಕ್ಕೆ 12,000 ಬಡ್ಡಿ, ಎರಡು ವರ್ಷಕ್ಕೆ 24,000. ಅಸಲಿಗೆ ಅದನ್ನು ಕೂಡಿಸಿ 24ರಿಂದ ಭಾಗಿಸಿದರೆ ತಿಂಗಳ ಕಂತು 6,000. ಅದರಲ್ಲಿ 5,000 ಅಸಲು, 1,000 ಬಡ್ಡಿ. ಮೊದಲ ತಿಂಗಳು ಇದರಲ್ಲಿ ಮೋಸವೇನೂ ಇಲ್ಲ, ಪೂರ್ತಿ ಸಾಲ ನಮ್ಮ ಕೈಯಲ್ಲೇ ಇರುತ್ತದೆ. ಕೊನೆಯ ತಿಂಗಳು ನೋಡಿ. ಆಗ ಉಳಿದಿರುವ ಅಸಲು ಬರೀ 5,000. ಆದರೂ ಬಡ್ಡಿ ಅದೇ 1,000. ಎಂದೋ ವಾಪಸ್ ಕೊಟ್ಟಾಗಿರುವ ದುಡ್ಡಿಗೂ ಬಡ್ಡಿ ಕಟ್ಟುತ್ತಲೇ ಇರುತ್ತೇವೆ.

ರೆಡ್ಯೂಸಿಂಗ್ ಲೆಕ್ಕದಲ್ಲಿ ಹಾಗಲ್ಲ. ಆ ತಿಂಗಳು ಎಷ್ಟು ಬಾಕಿ ಇದೆಯೋ ಅಷ್ಟಕ್ಕೆ ಮಾತ್ರ ಬಡ್ಡಿ. ಕಂತು ಕಟ್ಟಿದಂತೆಲ್ಲ ಬಾಕಿ ಇಳಿಯುತ್ತದೆ, ಬಡ್ಡಿಯೂ ಇಳಿಯುತ್ತದೆ. ತಮ್ಮ ಬಿಟ್ಟುಬಂದ ಶೇ 14ರ ಸಾಲಕ್ಕೆ ಕಂತು ಸುಮಾರು 5,761. ಎರಡು ವರ್ಷದ ಒಟ್ಟು ಬಡ್ಡಿ ಸುಮಾರು 18,300. ಅಂದರೆ 'ಹತ್ತು' ಅವನಿಗೆ 'ಹದಿನಾಲ್ಕಕ್ಕಿಂತ' 5,700ರಷ್ಟು ಜಾಸ್ತಿ ಬಿತ್ತು.

ಹಾಗಾದರೆ ಆ ಹತ್ತರ ನಿಜವಾದ ದರ ಎಷ್ಟು? ಇದಕ್ಕೆ ಏಜೆಂಟರನ್ನು ಕೇಳಬೇಕಾಗಿಲ್ಲ. ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಯಾವುದಾದರೂ ಸ್ಪ್ರೆಡ್‌ಶೀಟ್ ತೆರೆದು ಈ ಒಂದು ಸಾಲು ಟೈಪ್ ಮಾಡಿದರೆ ಸಾಕು:

```
=RATE(24,-6000,120000)*12
```

ಮೊದಲನೆಯದು ಕಂತುಗಳ ಸಂಖ್ಯೆ, ಎರಡನೆಯದು ಕಂತಿನ ಮೊತ್ತ (ಮುಂದೆ ಮೈನಸ್ ಗುರುತು ಬಿಡಬೇಡಿ), ಮೂರನೆಯದು ಸಾಲ. ಬರುವ ಉತ್ತರ 0.1816ರ ಆಸುಪಾಸು, ಅಂದರೆ ಶೇ 18.16. ಹೋಲಿಸಬೇಕಾದದ್ದು ಇದನ್ನು ಮತ್ತು ಆ 14ನ್ನು. ಸ್ಪ್ರೆಡ್‌ಶೀಟ್ ಕೈಗೆ ಸಿಗದಿದ್ದರೆ, ಒಂದರಿಂದ ಮೂರು ವರ್ಷದ ಇಂಥ ಸಾಲಗಳಿಗೆ ಫ್ಲಾಟ್ ದರವನ್ನು 1.8ರಿಂದ ಗುಣಿಸಿ. ಕರಾರುವಾಕ್ಕಲ್ಲ, ಆದರೆ ಕೌಂಟರ್ ಮುಂದೆ ಕೂತಾಗ ಅಷ್ಟು ಸಾಕು.

ಇನ್ನೊಂದು ಮಾತು. ಪ್ರೊಸೆಸಿಂಗ್ ಶುಲ್ಕ ಅಂತ 2,400 ಮೊದಲೇ ಹಿಡಿದುಕೊಂಡಿದ್ದರು. ತಮ್ಮನ ಕೈಗೆ ಬಂದದ್ದು 1,17,600, ಕಂತು ಮಾತ್ರ ಅದೇ 6,000. ಮೇಲಿನ ಸಾಲಿನಲ್ಲಿ 120000 ಬದಲು 117600 ಹಾಕಿದೆ. ದರ ಶೇ 20 ದಾಟಿತು. ಹಾಗಾಗಿ ಆ ಮೂರನೆಯ ಜಾಗದಲ್ಲಿ ಕೈಗೆ ಬಂದ ಮೊತ್ತವನ್ನೇ ಹಾಕಿ, ಕಾಗದದಲ್ಲಿ ಬರೆದ ಸಾಲವನ್ನಲ್ಲ. ಎದುರಾಳಿ ಸಾಲಕ್ಕೂ ಶುಲ್ಕ ಇದ್ದರೆ ಅದನ್ನೂ ಹೀಗೇ ಕಳೆಯಬೇಕು, ಇಲ್ಲವಾದರೆ ಹೋಲಿಕೆ ನ್ಯಾಯವಾಗುವುದಿಲ್ಲ.

ಸರಿ, ಒಂದು ವರ್ಷದ ನಂತರ ದುಡ್ಡು ಕೂಡಿಸಿ ಒಟ್ಟಿಗೇ ತೀರಿಸಿಬಿಡೋಣ ಅಂದ ತಮ್ಮ. ಒಪ್ಪಂದ ತೆಗೆದು ನೋಡಿದೆವು. ಅವಧಿಗೆ ಮುಂಚೆ ಮುಗಿಸಿದರೂ ಉಳಿದ ಕಂತುಗಳ ಬಡ್ಡಿ ಪೂರ್ತಿ ಕೊಡಬೇಕಂತೆ. ಹನ್ನೆರಡು ಕಂತು ಕಟ್ಟಿದ ಮೇಲೆ ಅಸಲು ಬಾಕಿ 60,000. ಅವರು ಕೇಳುವುದು 72,000. ಹಾಗಿದ್ದ ಮೇಲೆ ಬೇಗ ತೀರಿಸಿ ಉಳಿಯುವುದೇನು? ಎಲ್ಲ ಫ್ಲಾಟ್ ಸಾಲಗಳಲ್ಲೂ ಈ ಷರತ್ತು ಇರುತ್ತದೆ ಅಂತ ಹೇಳಲಾರೆ. ಆದರೆ ಸಹಿಗೆ ಮುಂಚೆ ಓದಬೇಕಾದ ಪುಟ ಅದೇ. ರೆಡ್ಯೂಸಿಂಗ್ ಸಾಲದಲ್ಲಾದರೆ ಬಾಕಿ ಅಸಲು ತೀರಿಸಿದ ದಿನದಿಂದ ಮುಂದಿನ ಬಡ್ಡಿ ನಿಲ್ಲುತ್ತದೆ. ಮುಂಗಡ ತೀರುವಳಿಗೆ ದಂಡ ಇದೆಯೇ ಅಂತ ಅಲ್ಲೂ ಕೇಳಿಕೊಳ್ಳಬೇಕು, ಅಷ್ಟೆ.

ಫ್ಲಾಟ್ ದರ ಸುಳ್ಳು ಲೆಕ್ಕವೇನಲ್ಲ. ಕಂತು ಎಷ್ಟು ಅಂತ ಅದರಿಂದ ಸುಲಭವಾಗಿ ತಿಳಿಯುತ್ತದೆ. ನನ್ನ ತಕರಾರು ಅದನ್ನು ಇನ್ನೊಂದು ಬಗೆಯ ದರದ ಪಕ್ಕದಲ್ಲಿ ಇಟ್ಟು, ಎರಡೂ ಒಂದೇ ಅಳತೆ ಅನ್ನುವಂತೆ ತೋರಿಸುವ ಬಗ್ಗೆ. ಸಾಲದ ಜಾಹೀರಾತು ತೆಗೆದುಕೊಳ್ಳುವಾಗ ದರದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅದು ಯಾವ ಬಗೆಯದು ಅಂತ ಬರೆಯುವಂತೆ ನಿಮ್ಮ ಜಾಹೀರಾತು ವಿಭಾಗ ಕೇಳಬಹುದಲ್ಲವೇ?

ಇಂತಿ,
ನಿಮ್ಮ ಓದುಗ