ರಾತ್ರಿ ಗುದ್ದಿದ ಟಗ್, ಮಧ್ಯಾಹ್ನ ಅಳೆದ ಬೆಳಕು

ಸಂಪಾದಕರೇ,

ವಿಮಾನ ನಿಲ್ದಾಣದಲ್ಲಿ, ನಿಂತ ವಿಮಾನಕ್ಕೆ ಲಗೇಜ್ ತುಂಬಿ ಇಳಿಸುವ ರ‍್ಯಾಂಪ್ ಕೆಲಸ ಮಾಡುವವನು ನಾನು. ಕಳೆದ ಮಳೆಗಾಲದ ಒಂದು ರಾತ್ರಿ, ಲಗೇಜ್ ಎಳೆಯುವ ಟಗ್ ನಮ್ಮ ಲೋಡರ್ ಹುಡುಗನಿಗೆ ಗುದ್ದಿ ಅವನ ಕಾಲು ಮುರಿಯಿತು. ವರದಿಯಲ್ಲಿ ಕಾರಣ ಅಂತ ಬರೆದದ್ದು ಒಂದೇ ಸಾಲು: ಸಿಬ್ಬಂದಿಯ ಅಜಾಗರೂಕತೆ. ಇಷ್ಟು ಬರೆಯೋಕೆ ತನಿಖೆ ಬೇಕಿತ್ತಾ?

ಮೊದಲು ಗಾಡಿ. ಟಗ್ ಹಿಂದೆ ಲಗೇಜ್ ತುಂಬಿದ ನಾಲ್ಕು ಡಾಲಿ, ಅಂದರೆ ಎಂಜಿನ್ ಇಲ್ಲದ ಗಾಡಿಗಳು, ಇದ್ದವು. ಡಾಲಿಯ ಬ್ರೇಕ್ ಹಿಡಿಯುವುದು ಅದರ ಎಳೆಯುವ ಕಂಬಿ ಮೇಲೆತ್ತಿದಾಗ, ಅಂದರೆ ನಿಂತಾಗ ಮಾತ್ರ. ಓಡುವಾಗ ನಿಲ್ಲಿಸುವ ಕೆಲಸವೆಲ್ಲ ಟಗ್‌ನದೇ, ಹಿಂದಿನ ಭಾರ ಅದನ್ನು ಮುಂದಕ್ಕೆ ನೂಕುತ್ತಲೇ ಇರುತ್ತದೆ, ನೆಲ ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ. ಆದ್ದರಿಂದ ಎಷ್ಟು ಡಾಲಿ, ಎಷ್ಟು ಭಾರ, ಎಲ್ಲಿ ನಿಂತಿತು ಅನ್ನುವುದನ್ನು ಗಾಡಿ ಕದಲಿಸುವ ಮೊದಲೇ ಬರೆದು ಫೋಟೋ ತೆಗೆಯಬೇಕು. ಇಲ್ಲಿ ಮುಂದಿನ ಫ್ಲೈಟ್‌ಗೆ ಬೇ, ಅಂದರೆ ವಿಮಾನ ನಿಲ್ಲಿಸುವ ಜಾಗ, ಬೇಕು ಅಂತ ಡಾಲಿಗಳನ್ನು ಬಿಚ್ಚಿ, ಟಗ್ಗನ್ನು ಪಕ್ಕಕ್ಕೆ ತಳ್ಳಿಬಿಟ್ಟರು. ಬ್ರೇಕ್ ಪರೀಕ್ಷೆ ಮಾಡಿದ್ದು ಮಾರನೇ ದಿನ, ಖಾಲಿ ಟಗ್ ಓಡಿಸಿ!

ಬೆಳಕಿನ ಕಥೆ ಇನ್ನೂ ಚೆನ್ನಾಗಿದೆ. ವಿಮಾನ ನಿಲ್ಲುವ ಜಾಗದಲ್ಲಿ ಸರಾಸರಿ ಕನಿಷ್ಠ 20 ಲಕ್ಸ್ ಬೆಳಕಿರಬೇಕು ಅನ್ನುತ್ತದೆ ಅಂತರರಾಷ್ಟ್ರೀಯ ಶಿಫಾರಸು, ಲಕ್ಸ್ ಅಂದರೆ ಬೆಳಕಿನ ಅಳತೆ. ನೆಲದ ಮೇಲೆ ಅಷ್ಟೇ ಅಲ್ಲ, ಎರಡು ಮೀಟರ್ ಎತ್ತರದಲ್ಲಿ ನೇರ ಎದುರಿಗೆ ಬೀಳುವ ಬೆಳಕೂ ಅಷ್ಟಿರಬೇಕು, ಯಾಕಂದ್ರೆ ಡ್ರೈವರ್‌ಗೆ ಕಾಣಬೇಕಾದದ್ದು ನೆಲವಲ್ಲ, ನಿಂತ ಮನುಷ್ಯ. ಸರಾಸರಿ ಸರಿಯಿದ್ದರೂ ವಿಮಾನದ ರೆಕ್ಕೆಯ ಕೆಳಗೆ, ಹೊಟ್ಟೆಯ ಪಕ್ಕ ಕತ್ತಲು ಕೂತಿರುತ್ತದೆ. ನಮ್ಮ ಹುಡುಗ ಅಲ್ಲಿಂದಲೇ ಹೊರಬಂದದ್ದು. ಅವನ ಹೊಳೆಯುವ ಜಾಕೆಟ್ ಮೇಲೆ ಕಪ್ಪು ರೇನ್‌ಕೋಟ್ ಇತ್ತು, ಒಂದು ಪಟ್ಟಿಯೂ ಕಾಣುತ್ತಿರಲಿಲ್ಲ. ಆ ರೇನ್‌ಕೋಟ್ ಕೊಟ್ಟವರು ಯಾರು? ಅದು ವರದಿಯಲ್ಲಿಲ್ಲ. ಲಕ್ಸ್ ಮೀಟರ್ ಹಿಡಿದವರು ಬಂದದ್ದು ಮಧ್ಯಾಹ್ನ. ಅಳೆಯುವುದಾದರೆ ಅದೇ ಹೊತ್ತಿಗೆ, ಅದೇ ಜಾಗಕ್ಕೆ ವಿಮಾನ ಬಂದು ನಿಂತಾಗ ಅಳೆಯಬೇಕು ಅಲ್ವಾ? ಯಾವ ದೀಪ ಕೆಟ್ಟಿತ್ತು ಅನ್ನುವುದನ್ನಾದರೂ ಆ ರಾತ್ರಿಯೇ ಬರೆದಿಡಬಹುದಿತ್ತು.

ಇನ್ನು ಸೂಚನೆ. ಎಲ್ಲರೂ ತರಬೇತಿಯ ಸಹಿ ತೋರಿಸುತ್ತಾರೆ. ನನಗೆ ಬೇಕಿರುವುದು ಆ ಗಳಿಗೆಯ ಮಾತು. "ಫ್ಲೈಟ್ ಲೇಟಾಗಿದೆ, ಆ ಕಡೆಯಿಂದ ದಾಟ್ಕೊಂಡು ಬೇಗ ಬಾ" ಅಂತ ವಾಕಿಟಾಕಿಯಲ್ಲಿ ಹುಡುಗನಿಗೆ ಕೂಗಿದ್ದನ್ನು ಪಕ್ಕದ ಬೇಯಲ್ಲಿದ್ದ ನಾನೂ ಕೇಳಿದ್ದೇನೆ. ಡ್ರೈವರ್‌ಗೂ ಹಾಗೇ ಯಾರೋ ಅವಸರ ಮಾಡಿರಬಹುದು, ಅವನನ್ನೂ ಕೇಳಿ. ಹೇಳಿದ ಮಾತನ್ನು ಹೇಳಿದ ಹಾಗೇ, ಹೊತ್ತಿನ ಸಮೇತ, ಅವರವರ ಭಾಷೆಯಲ್ಲೇ ಬರೆದುಕೊಳ್ಳಬೇಕು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಟಗ್ ಮನುಷ್ಯನಿಗೆ ಗುದ್ದಿದರೆ ಅದು ಸಾಮಾನ್ಯವಾಗಿ ವಿಮಾನ ಅಪಘಾತದ ವ್ಯಾಖ್ಯೆಯೊಳಗೆ ಬರುವುದಿಲ್ಲ. ವಿಮಾನ ತಗುಲಿದ್ದರೆ, ಎಂಜಿನ್ ಗಾಳಿಗೆ ಸಿಕ್ಕಿದ್ದರೆ ಲೆಕ್ಕವೇ ಬೇರೆ. ಹಾಗಾಗಿ ಹೆಚ್ಚಿನ ಸಲ ಕಂಪನಿಯೇ ಮಾಡುವ ಒಳ ತನಿಖೆಯ ಮೇಲೆ ಎಲ್ಲ ನಿಂತಿರುತ್ತದೆ. ನಮ್ಮಲ್ಲಿ ಅದು ಮುಗಿದು ಫೈಲ್ ಮುಚ್ಚಿದ್ದಾರೆ. ಆಸ್ಪತ್ರೆಯಲ್ಲಿ ಮಲಗಿದ್ದ ಹುಡುಗನನ್ನು ಮಾತ್ರ ಯಾರೂ ಹೋಗಿ ಏನಾಯ್ತು ಅಂತ ಕೇಳಿಲ್ಲ.

– ಒಬ್ಬ ರ‍್ಯಾಂಪ್ ನೌಕರ