ವೋಟು ಬೆಳ್ಳುಳ್ಳಿಗೆ ಜಾಸ್ತಿ ಬಿತ್ತು, ಹಪ್ಪಳ ಮಾತ್ರ ಕಾಳುಮೆಣಸಿಂದು ಬಂತು, ಎಂತಕ್ಕೆ?

ನಮ್ಮ ಹಪ್ಪಳ ತಗೊಳ್ಳೋ ಎಲ್ಲಾ ಅಕ್ಕ ಅಣ್ಣಂದಿರಿಗೆ ಶಿರಸಿಯಿಂದ ನಮಸ್ಕಾರ.

ಈ ವರ್ಷದ ಪಟ್ಟಿ ಕಳ್ಸಿದ ಮೇಲೆ ಫೋನ್ ಮೇಲೆ ಫೋನ್. ಎಲ್ರದ್ದೂ ಒಂದೇ ಪ್ರಶ್ನೆ, "ವೋಟು ಹಾಕ್ಸಿದ್ರಿ, ಬೆಳ್ಳುಳ್ಳಿ ಗೆದ್ದಿತ್ತು, ಈಗ ಪಟ್ಟೀಲಿ ಕಾಳುಮೆಣಸು ಅಂತ ಉಂಟು, ಹಾಗಾದ್ರೆ ನಮ್ಮನ್ನ ಕೇಳಿದ್ದು ಎಂತಕ್ಕೆ?" ಕೇಳೂದು ಸರಿಯೇ. ಒಬ್ಬೊಬ್ಬರಿಗೆ ಫೋನಲ್ಲಿ ಹೇಳಿ ಹೇಳಿ ಗಂಟಲು ಬಿದ್ದೋಯ್ತು, ಅದಕ್ಕೆ ಎಲ್ರಿಗೂ ಒಟ್ಟಿಗೆ ಬರೀತಾ ಇದ್ದೇನೆ.

ಮೊದ್ಲು ಏನು ಬದಲಾಗಿದೆ ಅಂತ ಹೇಳ್ತೇನೆ. ಹಲಸಿನಕಾಯಿ ಹಪ್ಪಳ ಇಷ್ಟು ವರ್ಷ ನಮ್ಮಲ್ಲಿ ಒಂದೇ ನಮೂನೆ ಇತ್ತು, ಕೆಂಪುಮೆಣಸು ಜೀರಿಗೆ ಕೊತ್ತಂಬರಿ ಹಾಕಿದ್ದು. ಅದು ಹಾಗೇ ಇರ್ತದೆ, ಅದರ ಹದ ಮುಟ್ಟಿಲ್ಲ. ಅದರ ಜೊತೆ ಈಗ ಕಾಳುಮೆಣಸಿನ ಹಪ್ಪಳ ಬಂದಿದೆ. ಬೆಳ್ಳುಳ್ಳಿದೂ ಮಾಡ್ತೇವೆ, ಆದ್ರೆ ಮುಂಚೆ ದುಡ್ಡು ಕೊಟ್ಟು ಹೇಳಿದವರಿಗೆ ಮಾತ್ರ, ಮಾಡೂದು ಬೇರೆ ಮನೇಲಿ. ಯಾಕೆ ಹೀಗೆ ಅನ್ನೂದೇ ಈ ಪತ್ರ.

ಫೆಬ್ರವರಿ ಕೊನೇಲಿ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಪೋಲ್ ಹಾಕಿದ್ವಲ್ಲ, ಆವಾಗಲೇ ಹಾಕಬೇಕಾಗಿತ್ತು, ಯಾಕಂದ್ರೆ ನಮಗೆ ಬಲಿತ ಕಾಯಿ ಸಿಗೂದು ಮಾರ್ಚಿಂದ ಮೇ ತನಕ, ಜೂನ್ ಮಳೆ ಹಿಡಿದ್ರೆ ಚಾಪೆ ಮಡಚಿ ಒಳಗಿಡೂದೇ. ಆ ಮೂರು ತಿಂಗಳಲ್ಲಿ ಯಾವ ರುಚಿ ಒತ್ತಿದ್ವೋ ವರ್ಷ ಪೂರ್ತಿ ಅದನ್ನೇ ಮಾರಬೇಕು, ನಡುವೆ ಬದಲಾಯ್ಸೋಕೆ ಇದೇನು ಶರಬತ್ತಲ್ಲ. ನಾಲ್ಕು ರುಚಿ ಕೊಟ್ಟಿದ್ವಿ, ಬೆಳ್ಳುಳ್ಳಿ, ಕಾಳುಮೆಣಸು, ಸೂಜಿಮೆಣಸು, ಎಳ್ಳು. ಕೆಳಗೆ ನಾನೇ ಉತ್ಸಾಹದಲ್ಲಿ ಒಂದು ಸಾಲು ಬರೆದೆ, "ಯಾವುದಕ್ಕೆ ಜಾಸ್ತಿ ವೋಟೋ ಅದನ್ನೇ ಮಾಡ್ತೇವೆ" ಅಂತ. ಇವತ್ತು ಬೈಸ್ಕೊಳ್ತಾ ಇರೂದು ಆ ಒಂದು ಸಾಲಿಂದ. "ನಿಮ್ಮ ಉತ್ತರ ನೋಡಿ ತೀರ್ಮಾನ ಮಾಡ್ತೇವೆ" ಅಂತ ಬರ್ದಿದ್ರೆ ಸಾಕಿತ್ತು. ತಪ್ಪು ನಂದೇ.

ಇನ್ನೊಂದು ತಪ್ಪೂ ಆಯ್ತು. ವಾಟ್ಸಾಪ್ ಪೋಲಲ್ಲಿ ಒಬ್ಬರು ಎಷ್ಟು ಬೇಕಾದ್ರೂ ಆಯ್ಕೆ ಒತ್ತಬಹುದು ಅನ್ನೋ ಬಟನ್ ತಾನಾಗೇ ಆನ್ ಇರ್ತದೆ, ನಾವು ಅದನ್ನ ಆಫ್ ಮಾಡ್ಲಿಲ್ಲ, ಗೊತ್ತೇ ಇರ್ಲಿಲ್ಲ. ಮೂರು ದಿನ ಬಿಟ್ಟು ನೋಡಿದ್ರೆ ಉತ್ತರ ಕೊಟ್ಟವರು 131 ಜನ, ಬಿದ್ದ ವೋಟು 212. ಬೆಳ್ಳುಳ್ಳಿಗೆ 74, ಕಾಳುಮೆಣಸಿಗೆ 58, ಸೂಜಿಮೆಣಸಿಗೆ 52, ಎಳ್ಳಿಗೆ 28. ಮೊದ್ಲು ತಲೆಬಿಸಿ ಆಯ್ತು, ಆಮೇಲೆ ಕೂತು ನೋಡಿದ್ರೆ ಅದರಿಂದ ಒಂದು ಉಪಕಾರವೂ ಆಯ್ತು. ಎರಡು ಮೂರು ಒತ್ತಿದವರು ಅಂದ್ರೆ "ಇದ್ರಲ್ಲಿ ಯಾವುದಾದ್ರೂ ಅಡ್ಡಿಲ್ಲ" ಅಂದವರು, ಒಂದೇ ಒತ್ತಿದವರು "ನಂಗೆ ಇದೇ ಬೇಕು" ಅಂದವರು. ಒಂದೇ ಒತ್ತಿದವರು 68 ಜನ, ಅದ್ರಲ್ಲಿ 39 ಬೆಳ್ಳುಳ್ಳಿ. ಅಂದ್ರೆ ಬೆಳ್ಳುಳ್ಳಿಯವರ ಆಸೆ ಗಟ್ಟಿ, ಅದು ನಮಗೂ ಗೊತ್ತಾಯ್ತು.

ಹಾಗಾದ್ರೆ ಅದನ್ನೇ ಮಾಡಬೇಕಾಗಿತ್ತಲ್ಲ ಅಂತ ಕೇಳ್ತೀರಿ. ಇಲ್ಲೇ ಇರೂದು ವಿಷಯ. ಗ್ರೂಪಿನ ಪೋಲಲ್ಲಿ ಯಾರು ಯಾವುದಕ್ಕೆ ಒತ್ತಿದ್ದಾರೆ ಅಂತ ಹೆಸರು ಕಾಣ್ತದೆ. ನಾವು ಆರ್ಡರ್ ಪುಸ್ತಕ ತೆಗೆದು ಎದುರುಬದುರು ಇಟ್ಟು ಒಂದೊಂದೇ ಹೆಸರು ಹುಡುಕಿದ್ವಿ, ಒಂದು ಮಧ್ಯಾಹ್ನ ಪೂರ್ತಿ ಬೇಕಾಯ್ತು. ಬೆಳ್ಳುಳ್ಳಿಯ 74ರಲ್ಲಿ ಕಳೆದ ವರ್ಷ ನಮ್ಮಲ್ಲಿ ಒಂದು ಕಟ್ಟಾದ್ರೂ ತಗೊಂಡವರು 21. ಕಾಳುಮೆಣಸಿನ 58ರಲ್ಲಿ 43. ಇದು ಹೇಗಪ್ಪಾ ಅಂದ್ರೆ, ಯಾರೋ ಪ್ರೀತಿಯಿಂದ ನಮ್ಮ ಗ್ರೂಪಿನ ಲಿಂಕ್ ಬೆಂಗಳೂರಿನ ಅವರ ಫ್ರೆಂಡ್ಸಿಗೆ ಕಳ್ಸಿದ್ರಂತೆ, ಅವರೆಲ್ಲ ಬಂದು ಸೇರಿ ವೋಟು ಒತ್ತಿದ್ರು. ಅವರಿಗೂ ಸ್ವಾಗತವೇ, ನಾಳೆ ಅವರೂ ತಗೊಳ್ಳಬಹುದು, ಆದ್ರೆ ಬೆರಳಲ್ಲಿ ಒತ್ತೂದಕ್ಕೂ ದುಡ್ಡು ಕೊಟ್ಟು ಕಟ್ಟು ತಗೊಳ್ಳೂದಕ್ಕೂ ನಡುವೆ ಒಂದು ಘಟ್ಟದಷ್ಟು ದೂರ ಉಂಟು. ಮತ್ತೆ ಹೆಸರು ಕಾಣೂದ್ರಿಂದ ಇನ್ನೊಂದು ತೊಂದ್ರೆ, ಅಂಕೋಲಾದ ಒಬ್ರು ನಗ್ತಾ ಹೇಳಿದ್ರು, "ಅತ್ತಿಗೆ ಒತ್ತಿದ್ದು ನೋಡಿ ನಾನೂ ಅದನ್ನೇ ಒತ್ತಿದೆ, ಏನಂತ ಓದ್ಲೂ ಇಲ್ಲ."

ಪೋಲ್ ಹೇಳದೆ ಇದ್ದದ್ದನ್ನ ಹೇಳಿದ್ದು ನಿಮ್ಮ ಮೆಸೇಜುಗಳು. ಪೋಲ್ ಬಿಟ್ಟು ಬರ್ದು ಕಳ್ಸಿದವರು, ವಾಯ್ಸ್ ಹಾಕಿದವರು ಒಟ್ಟು 37 ಜನ. ಅದನ್ನೆಲ್ಲ ನೋಟ್ ಪುಸ್ತಕದಲ್ಲಿ ಬರ್ಕೊಂಡೆ, ಯಾರು, ಎಷ್ಟು ವರ್ಷದಿಂದ ತಗೊಳ್ತಾರೆ, ಏನು ಹೇಳಿದ್ರು ಅಂತ. ಅದ್ರಲ್ಲಿ 14 ಜನ ಒಂದೇ ಮಾತು ಹೇಳಿದ್ರು. ಯಲ್ಲಾಪುರದ ಒಬ್ಬ ಅಜ್ಜಿಯ ವಾಯ್ಸ್ ಹೀಗಿತ್ತು, "ತಂಗೀ, ನಮ್ಮನೇಲಿ ತಿಥಿಗೆ ಹಬ್ಬಕ್ಕೆ ನಿಮ್ಮ ಹಪ್ಪಳವೇ ಕರಿಯೂದು, ಅದೇ ಗ್ರೈಂಡರಲ್ಲಿ ಬೆಳ್ಳುಳ್ಳಿ ಅರ್ದ್ರೆ ಇನ್ನು ನಮಗೆ ಬೇಡ ಮಾರಾಯ್ತಿ." ಇವರು ಪೋಲಲ್ಲಿ ಏನನ್ನೂ ಒತ್ತಿರ್ಲಿಲ್ಲ, ಯಾಕಂದ್ರೆ ಅಲ್ಲಿ "ಬೇಡ" ಅನ್ನೋ ಬಟನ್ನೇ ಇರ್ಲಿಲ್ಲ. ಯಾವುದು ಇಷ್ಟ ಅಂತ ಕೇಳಿದ್ವಿ, ಯಾವುದು ಬಂದ್ರೆ ನೀವು ತಗೊಳ್ಳೂದು ನಿಲ್ಲಿಸ್ತೀರಿ ಅಂತ ಕೇಳ್ಲೇ ಇಲ್ಲ. ಈ 14 ಮನೆಯವರು ವರ್ಷಕ್ಕೆ ತಗೊಳ್ಳೋ ಕಟ್ಟು ಲೆಕ್ಕ ಹಾಕಿದ್ರೆ ಬೆಳ್ಳುಳ್ಳಿಗೆ ಒತ್ತಿದ 74 ಜನ ಒಟ್ಟು ಸೇರಿ ತಗೊಂಡಿದ್ದಕ್ಕಿಂತ ಜಾಸ್ತಿ ಆಯ್ತು. ನಮಗೂ ಒಂದೇ ಗ್ರೈಂಡರ್, ಒಂದೇ ಅಂಗಳ. ಬೆಳ್ಳುಳ್ಳಿ ವಾಸನೆ ಒಂದೇ ಡಬ್ಬದಲ್ಲಿಟ್ರೆ ಪಕ್ಕದ ಕಟ್ಟಿಗೂ ಹತ್ತೂದೇ.

ಅದೇ ಮೆಸೇಜುಗಳಲ್ಲಿ ನಾವು ಕೇಳದೇ ಇದ್ದದ್ದೂ ಬಂತು. ಆರು ಜನ, "ರುಚಿ ಹಾಗಿರ್ಲಿ, ಕರಿದ್ರೆ ಕೆಲವು ಹಪ್ಪಳ ಕರ್ರಗೆ ಆಗ್ತದೆ, ಅದನ್ನ ನೋಡಿ ಮೊದ್ಲು" ಅಂದ್ರು. ನೋಡಿದ್ವಿ. ಕಳೆದ ಸಲ ಕೊನೇ ಕೊನೇಗೆ ಹಣ್ಣಿಗೆ ತಿರುಗಿದ ಕಾಯೂ ಸೇರಿಸಿದ್ವಿ, ಅದ್ರಲ್ಲಿ ಸಿಹಿ ಅಂಶ ಏರಿರ್ತದೆ, ಎಣ್ಣೆಗೆ ಬಿಟ್ಟ ಕೂಡ್ಲೇ ಬಣ್ಣ ಹತ್ತೂದು ಅದಕ್ಕೇ. ಈ ಸಲ ಸೊಳೆ ಬಿಡಿಸುವಾಗ ಹಳದಿ ತಿರುಗಿದ್ದನ್ನ, ಬೆರಳಲ್ಲಿ ಒತ್ತಿದ್ರೆ ಮೆತ್ತಗಾಗೂದನ್ನ ಬೇರೆ ಬುಟ್ಟಿಗೆ ಹಾಕ್ತಾ ಇದ್ದೇವೆ. ಹೊಸ ರುಚಿಗಿಂತ ಇದೇ ದೊಡ್ಡ ಬದಲಾವಣೆ ಅಂತ ನನ್ನ ಅಭಿಪ್ರಾಯ, ಆದ್ರೆ ಇದಕ್ಕೆ ಯಾರೂ ಫೋನ್ ಮಾಡಿ ಕೇಳ್ಲಿಲ್ಲ ನೋಡಿ.

ಆಮೇಲೆ ಖಾರದ ಎರಡು ರುಚಿ ಉಳೀತು. ವೋಟಲ್ಲಿ ಆರರ ಅಂತರ ಅಷ್ಟೇ, ಅದನ್ನ ನಂಬಿ ಕೂರೋಕಾಗಲ್ಲ. ಮಾರ್ಚಲ್ಲಿ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ್ವಿ. ಕಾಳುಮೆಣಸು ನಮ್ಮ ಸದಸ್ಯರ ಅಡಿಕೆ ತೋಟದ್ದೇ. ಮೊದಲನೇ ಸಲ 10 ಕಿಲೋ ಬೇಯಿಸಿದ ಸೊಳೆಗೆ 200 ಗ್ರಾಂ ಕಾಳುಮೆಣಸು ತರಿತರಿ ಕುಟ್ಟಿ ಹಾಕಿದ್ವಿ, ಎಣ್ಣೆ ಸವರಿದ ಹಾಳೆ ಮಧ್ಯ ಉಂಡೆ ಇಟ್ಟು ಒತ್ತಿದ್ರೆ ತರಿ ಇದ್ದಲ್ಲೆಲ್ಲ ಹಪ್ಪಳ ತೂತು, ಒಣಗಿದ ಮೇಲೆ ಅಲ್ಲಿಂದಲೇ ಸೀಳ್ತಾ ಇತ್ತು. ಜರಡಿ ಹಿಡಿದು ನುಣ್ಣಗಿನ ಪುಡಿ 120 ಗ್ರಾಂ ಹಾಕಿದ ಮೇಲೆ ಸರಿ ಹೋಯ್ತು. ಅದನ್ನೂ ಸೂಜಿಮೆಣಸಿಂದನ್ನೂ ಮಾಮೂಲಿ ಆರ್ಡರಿನ 60 ಪಾರ್ಸೆಲ್ ಒಳಗೆ ಎರಡೆರಡು ಹಾಕಿ ಕಳ್ಸಿದ್ವಿ, ಒಂದಕ್ಕೆ ಬಿಳಿ ದಾರ, ಒಂದಕ್ಕೆ ಕೆಂಪು ದಾರ, ಹೆಸರು ಬರೀಲಿಲ್ಲ. ಹೆಸರು ನೋಡಿದ್ರೆ ನಾಲಿಗೆ ಮೊದ್ಲೇ ತೀರ್ಮಾನ ಮಾಡ್ಕೊಂಡು ಬಿಡ್ತದೆ. "ಯಾವುದು ಚೆನ್ನಾಗಿದೆ" ಅಂತಲೂ ಕೇಳ್ಲಿಲ್ಲ, ಎಲ್ರೂ ಎರಡೂ ಚೆನ್ನಾಗಿದೆ ಅಂತಾರೆ, ನಮ್ಮ ಕಡೆ ಜನ ಮುಖದ ಮೇಲೆ ಬೇಡ ಅನ್ನೂದಿಲ್ಲ. "ಮನೇಲಿ ಯಾವುದು ಮೊದ್ಲು ಖಾಲಿ ಆಯ್ತು" ಅಂತ ಕೇಳಿದ್ವಿ. 41 ಮನೆಯಿಂದ ಉತ್ತರ ಬಂತು, 29 ಬಿಳಿ, 12 ಕೆಂಪು. ಕೆಂಪು ದಾರದ್ದು ಮಕ್ಕಳು ಒಂದು ತುಂಡು ಕಚ್ಚಿ ಇಟ್ರಂತೆ. ಬಿಳಿ ದಾರ ಅಂದ್ರೆ ಕಾಳುಮೆಣಸು.

ಎಷ್ಟು ಮಾಡೂದು ಅನ್ನೂದಕ್ಕೂ ನಿಮ್ಮನ್ನೇ ಕೇಳಿದ್ವಿ, ಎಷ್ಟು ಕಟ್ಟು ತಗೊಳ್ತೀರಿ ಅಂತ. ಬಾಯಲ್ಲಿ ಹೇಳಿದ್ದು 310 ಕಟ್ಟು. ನಾವು ಮಾಡಿದ್ದು 200. ಬೇಜಾರಾಗ್ಬೇಡಿ, ದುಡ್ಡು ಕೊಡದೆ ಹೇಳೋ ಲೆಕ್ಕ ಯಾವಾಗಲೂ ಒಂಚೂರು ಉಬ್ಬಿರ್ತದೆ, ನಾನೂ ಬೇರೆಯವರಿಗೆ ಹಾಗೇ ಹೇಳ್ತೇನೆ.

ಎಳ್ಳಿಗೆ ಒತ್ತಿದ 28 ಜನರ ಹತ್ರ ಕ್ಷಮೆ ಕೇಳ್ತೇನೆ. ಅದನ್ನ ನಾವು ಮಾಡಿ ನೋಡದೆ ಪಟ್ಟೀಲಿ ಹಾಕಿದ್ದೇ ತಪ್ಪು. ಎಳ್ಳಲ್ಲಿ ಎಣ್ಣೆ ಇರ್ತದೆ, ನಮ್ಮ ಹಪ್ಪಳ ಮನೇಲಿ ಎಂಟು ಹತ್ತು ತಿಂಗಳು ಡಬ್ಬದಲ್ಲಿ ಕೂರೂದು, ಅಷ್ಟರಲ್ಲಿ ಎಣ್ಣೆ ಕಮಟಿದ ವಾಸನೆ ಬರ್ತದೆ. ಮಾಡೋಕಾಗದ್ದನ್ನ ಕೇಳ್ಬಾರ್ದಿತ್ತು.

ಈಗ ಬೆಳ್ಳುಳ್ಳಿಯವರಿಗೆ. ಮಾತು ಕೊಟ್ಟಿದ್ದೇವೆ, ಅದಕ್ಕೆ ಮಾಡ್ತೇವೆ. ನಮ್ಮ ಒಬ್ಬ ಸದಸ್ಯರ ಮನೇಲಿ ಅವರದ್ದೇ ಗ್ರೈಂಡರಲ್ಲಿ ಅರೆದು, ಅವರ ಅಂಗಳದಲ್ಲೇ ಒಣಗ್ಸಿ, ಅಲ್ಲೇ ಪ್ಯಾಕ್ ಮಾಡೂದು, ನಮ್ಮ ಕೋಣೆಗೆ ತರೂದೇ ಇಲ್ಲ. ಲೇಬಲ್ಲೂ ಬೇರೆ, ಹಸಿರು ಬಣ್ಣದ್ದು, ಏನೇನು ಹಾಕಿದ್ದೇವೆ ಅನ್ನೋ ಪಟ್ಟೀಲಿ ಬೆಳ್ಳುಳ್ಳಿ ಅಂತ ಇರ್ತದೆ, ತಿಥಿ ಮನೆಗೆ ತಪ್ಪಿ ಹೋಗ್ಬಾರ್ದು. ಕಮ್ಮಿ ಅಂದ್ರೆ 60 ಕಟ್ಟಿಗೆ ದುಡ್ಡು ಬಂದ್ರೆ ಮಾತ್ರ ಒಲೆ ಹಚ್ಚೂದು, ಬರದಿದ್ರೆ ಕೊಟ್ಟವರ ದುಡ್ಡು ವಾಪಸ್. ಮೇ 10ರ ಒಳಗೆ ಹೇಳಿ, ಆಮೇಲೆ ಬಿಸಿಲು ನಂಬೋಕಾಗಲ್ಲ. ಈ ಪತ್ರ ಬರೆಯುವಾಗ 23 ಕಟ್ಟು ಆಗಿದೆ.

ಕಾಳುಮೆಣಸಿಂದು 25 ಹಪ್ಪಳದ ಕಟ್ಟು, ಮಾಮೂಲಿಗಿಂತ 10 ರೂಪಾಯಿ ಜಾಸ್ತಿ, ಮೆಣಸಿನ ರೇಟು ನಿಮಗೂ ಗೊತ್ತಲ್ಲ. ಇನ್ನು ಮುಂದೆ ವೋಟು ಗ್ರೂಪಲ್ಲಿ ಹಾಕೂದಿಲ್ಲ, ತಗೊಳ್ಳೋರಿಗೆ ಒಬ್ಬೊಬ್ಬರಿಗೇ ಮೆಸೇಜ್ ಮಾಡಿ ಕೇಳ್ತೇವೆ, ಅದ್ರಲ್ಲಿ "ಯಾವುದು ಬೇಡ" ಅನ್ನೂದೂ ಇರ್ತದೆ. ಕುಮಟಾ, ಕಾರವಾರದ ಕಡೆಯವರಿಗೆ ಮುಂದಿನ ಶನಿವಾರ ಬಸ್ಸಿಗೆ ಹಾಕ್ತೇವೆ, ಬೇಕಾದವರು ಗುರುವಾರದ ಒಳಗೆ ಎಷ್ಟು ಕಟ್ಟು, ಯಾವ ರುಚಿ ಅಂತ ಬರ್ದು ಕಳ್ಸಿ.

ಹಪ್ಪಳದ ಸಂಘದ ಎಲ್ಲರ ಪರವಾಗಿ,
ಲೆಕ್ಕ ಬರಿಯೋಳು