ಹೆಸರು ಹೊಂದಿದರೆ ಸಾಲದು, ಸಂಖ್ಯೆ ಮತ್ತು ದಿನಾಂಕವೂ ಹೊಂದಬೇಕು

ಮಾನ್ಯ ಸಂಪಾದಕರೇ,

ಜನರ ಹಣ ಮುಳುಗಿಸಿದ ಕಂಪನಿಯ ಸುದ್ದಿ ಬಂದಾಗಲೆಲ್ಲ ವರದಿಯ ಕೊನೆಗೆ ಒಂದು ಸಾಲು ಇರುತ್ತದೆ: ಈ ಕಂಪನಿಯ ನಿರ್ದೇಶಕರು ಬೇರೆ ಇಷ್ಟು ಕಂಪನಿಗಳಲ್ಲಿಯೂ ನಿರ್ದೇಶಕರಾಗಿದ್ದಾರೆ ಎಂದು. ಓದುಗರಿಗೆ ಅದು ಅಪರಾಧಕ್ಕೆ ಸಾಕ್ಷಿಯಂತೆ ಕಾಣುತ್ತದೆ. ಕಂಪನಿ ಕಾರ್ಯದರ್ಶಿಯಾಗಿ ಇಂಥ ದಾಖಲೆಗಳನ್ನು ಸಲ್ಲಿಸುವುದರಲ್ಲೇ ವೃತ್ತಿಜೀವನ ಕಳೆದವನು ನಾನು. ಆ ಒಂದು ಸಾಲನ್ನು ಬರೆಯುವ ಮೊದಲು ಏನನ್ನು ನೋಡಬೇಕು, ನೋಡದಿದ್ದರೆ ಯಾರಿಗೆ ಅನ್ಯಾಯವಾಗುತ್ತದೆ, ಯಾರು ತಪ್ಪಿಸಿಕೊಳ್ಳುತ್ತಾರೆ ಎಂಬುದನ್ನು ತಿಳಿಸಲು ಈ ಪತ್ರ.

ಭಾರತದಲ್ಲಿ ನೋಂದಣಿಯಾದ ಪ್ರತಿ ಕಂಪನಿಯ ಮೂಲ ವಿವರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ mca.gov.in ತಾಣದಲ್ಲಿ ಇದೆ. ಅಲ್ಲಿನ View Company/LLP Master Data ಎಂಬಲ್ಲಿ ಕಂಪನಿಯ ಹೆಸರನ್ನೋ ಅದರ 21 ಅಕ್ಷರ, ಅಂಕಿಗಳ ಗುರುತಿನ ಸಂಖ್ಯೆಯನ್ನೋ ಕೊಟ್ಟರೆ ನೋಂದಣಿ ದಿನಾಂಕ, ವಿಳಾಸ, ಪಾವತಿಯಾದ ಬಂಡವಾಳ, ಕೊನೆಯ ವಾರ್ಷಿಕ ಸಭೆಯ ದಿನಾಂಕ, ಕೊನೆಯ ಆಸ್ತಿ-ಹೊಣೆ ಪಟ್ಟಿಯ ದಿನಾಂಕ, ನಿರ್ದೇಶಕರ ಹೆಸರುಗಳು ಸಿಗುತ್ತವೆ. ಹೆಸರಿನ ಪಕ್ಕದಲ್ಲಿ 8 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಅದೇ ನಿರ್ದೇಶಕರ ಗುರುತಿನ ಸಂಖ್ಯೆ, ಡಿಐಎನ್. ಒಬ್ಬ ವ್ಯಕ್ತಿಗೆ ಜೀವಮಾನಕ್ಕೆ ಒಂದೇ ಡಿಐಎನ್. ಎರಡನೆಯದನ್ನು ಪಡೆಯುವುದನ್ನು 2013ರ ಕಂಪನಿ ಕಾಯ್ದೆಯ 155ನೇ ಕಲಂ ನಿಷೇಧಿಸುತ್ತದೆ. ಅದೇ ವ್ಯಕ್ತಿಯ ಇತರ ಕಂಪನಿಗಳನ್ನು ಹುಡುಕಬೇಕಾದರೆ ಈ ಸಂಖ್ಯೆಯನ್ನು ಹಿಡಿದೇ ಹೋಗಬೇಕು.

ಹೆಸರು ಹಿಡಿದು ಹುಡುಕುವುದರಿಂದಲೇ ಹೆಚ್ಚಿನ ಅನಾಹುತ ಆಗುವುದು. ನಮ್ಮಲ್ಲಿ ಒಂದೇ ಹೆಸರಿನವರು ಸಾವಿರಾರು ಮಂದಿ. ಇನಿಷಿಯಲ್ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ತಂದೆಯ ಪೂರ್ಣ ಹೆಸರಾಗಿ ಬರುತ್ತದೆ. ಖಾಸಗಿ ಮಾಹಿತಿ ತಾಣಗಳು ಸರ್ಕಾರಿ ದಾಖಲೆಯ ನಕಲನ್ನು ಇಟ್ಟುಕೊಂಡು ಹೆಸರಿನ ಮೇಲೆ ಪಟ್ಟಿ ತೋರಿಸುತ್ತವೆ. ಆ ನಕಲು ಎಂದಿನದು ಎಂಬುದು ಅನೇಕ ಸಲ ಗೊತ್ತಾಗುವುದೇ ಇಲ್ಲ. ಸುಳಿವು ಹಿಡಿಯಲು ಅವು ಸಾಕು, ಅಚ್ಚು ಹಾಕಲು ಸಾಲದು. ಬ್ರಿಟನ್ನಿನ ಕಂಪನಿ ನೋಂದಣಿ ಸಂಸ್ಥೆ ಕಂಪನೀಸ್ ಹೌಸ್ 2015ರಿಂದ ತನ್ನ ದಾಖಲೆಗಳನ್ನೆಲ್ಲ ಉಚಿತವಾಗಿ ತೆರೆದಿಟ್ಟಿದೆ. ಅಲ್ಲಿಯೂ ಒಬ್ಬನೇ ವ್ಯಕ್ತಿ ಹೆಸರನ್ನೋ ವಿಳಾಸವನ್ನೋ ಸ್ವಲ್ಪ ಬದಲಿಸಿ ಬರೆದಿದ್ದರೆ ಎರಡು ಬೇರೆ ಪುಟಗಳಲ್ಲಿ ಹಂಚಿಹೋಗಿರುತ್ತಾನೆ. ಹೊಸ ನಿರ್ದೇಶಕರ ಗುರುತು ಪರಿಶೀಲನೆ ಅಲ್ಲಿ ಕಡ್ಡಾಯವಾದದ್ದು 2025ರ ನವೆಂಬರ್‌ನಲ್ಲಿ. ಆ ಮಟ್ಟಿಗೆ ನಮ್ಮ ಡಿಐಎನ್ ಒಳ್ಳೆಯ ಸಾಧನ. ಅದು ಕೈಯಲ್ಲಿದ್ದೂ ಹೆಸರಿನ ಹಿಂದೆ ಓಡುವುದು ನನಗೆ ನೋವಿನ ಸಂಗತಿ.

ಡಿಐಎನ್ ಹೊಂದಿತು ಎಂದ ಮಾತ್ರಕ್ಕೂ ಕೆಲಸ ಮುಗಿಯುವುದಿಲ್ಲ. ಪರದೆಯ ಮೇಲಿನ ಪಟ್ಟಿ ಕಂಪನಿ ತಾನಾಗಿ ಸಲ್ಲಿಸಿದ ಮಾಹಿತಿಯನ್ನಷ್ಟೇ ಹೇಳುತ್ತದೆ. ನನ್ನ ಬಳಿಗೆ ಬಂದ ಒಂದು ಪ್ರಕರಣವನ್ನು ಹೆಸರುಗಳನ್ನು ಬಿಟ್ಟು ವಿವರಿಸುತ್ತೇನೆ.

ಪರಿಚಿತರೊಬ್ಬರಿಗೆ ಒಂದು ಖಾಸಗಿ ಕಂಪನಿಯವರು ದೊಡ್ಡ ಬಡ್ಡಿಯ ಆಸೆ ತೋರಿಸಿದ್ದರು. ಅದನ್ನು 'ಕ' ಕಂಪನಿ ಎನ್ನೋಣ. ಹಳೆಯ ಆಡಳಿತ ಹೋಗಿದೆ, ಈಗ ಹೊಸಬರು ಬಂದಿದ್ದಾರೆ, ಹಿಂದಿನ ಗಲಾಟೆಗೂ ನಮಗೂ ಸಂಬಂಧವಿಲ್ಲ ಎಂಬುದು ಅವರ ಮಾತು. 2024ರ ಆರಂಭದಲ್ಲಿ ನಾವು ತಾಣವನ್ನು ನೋಡಿದಾಗ ಪಾವತಿಯಾದ ಬಂಡವಾಳ 1 ಲಕ್ಷ ರೂಪಾಯಿ ಇತ್ತು. ಕೊನೆಯ ಆಸ್ತಿ-ಹೊಣೆ ಪಟ್ಟಿ 2022ರ ಮಾರ್ಚ್ 31ರದು. ಅಂದರೆ ಮರುವರ್ಷದ ಲೆಕ್ಕ ಸಲ್ಲಿಕೆಯೇ ಆಗಿರಲಿಲ್ಲ. ನಿರ್ದೇಶಕರು ಇಬ್ಬರು. ಇಬ್ಬರೂ 2022ರ ಜೂನ್‌ನಲ್ಲಿ ನೇಮಕವಾದವರು. ಇಬ್ಬರ ಡಿಐಎನ್ ಹಾಕಿ ನೋಡಿದರೆ ಬೇರೆ ಯಾವ ಕಂಪನಿಯೂ ಇಲ್ಲ. ಪರದೆ ನೋಡಿ ಸುಮ್ಮನಾಗಿದ್ದರೆ ಅವರ ಮಾತು ನಿಜವೆಂದೇ ನಂಬಬೇಕಿತ್ತು.

ಕಾಯ್ದೆಯ 399ನೇ ಕಲಂ ಪ್ರಕಾರ ಕಂಪನಿಗಳು ರಿಜಿಸ್ಟ್ರಾರ್‌ಗೆ ಸಲ್ಲಿಸಿದ ಕಡತಗಳನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ಅದೇ ತಾಣದ View Public Documents ಎಂಬಲ್ಲಿ ಒಂದು ಕಂಪನಿಗೆ 100 ರೂಪಾಯಿ ಕಟ್ಟಿ ನಾವು ಮೂರು ದಾಖಲೆಗಳನ್ನು ತೆಗೆದೆವು. ಮೊದಲನೆಯದು ವಾರ್ಷಿಕ ವಿವರಪಟ್ಟಿ, MGT-7. ಆ ವರ್ಷದ ಕೊನೆಗೆ ಮಂಡಳಿಯಲ್ಲಿ ಯಾರಿದ್ದರು, ವರ್ಷದೊಳಗೆ ಯಾರು ಬಂದರು, ಯಾರು ಹೋದರು, ಯಾವ ನಿರ್ದೇಶಕರು ಎಷ್ಟು ಸಭೆಗಳಿಗೆ ಹಾಜರಾದರು ಎಂಬುದೆಲ್ಲ ಅದರಲ್ಲಿ ಇರುತ್ತದೆ. 2022ರ ಮಾರ್ಚ್ ಕೊನೆಯಲ್ಲಿದ್ದ ಇಬ್ಬರು ಹಳೆಯ ನಿರ್ದೇಶಕರ ಹೆಸರು, ಡಿಐಎನ್ ಸಿಕ್ಕಿದ್ದು ಇಲ್ಲಿಯೇ.

ಎರಡನೆಯದು DIR-12. ನಿರ್ದೇಶಕರ ನೇಮಕ ಅಥವಾ ನಿರ್ಗಮನ ಆದ 30 ದಿನಗಳೊಳಗೆ ಕಂಪನಿ ಇದನ್ನು ಸಲ್ಲಿಸಬೇಕು. ನಮ್ಮ ಪ್ರಕರಣದಲ್ಲಿ ಹಳಬರು 2022ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಹೊಸಬರು ಅದೇ ದಿನ ಬಂದರು ಎಂದು ನಮೂದಾಗಿತ್ತು. ಆದರೆ ನಮೂನೆ ಸಲ್ಲಿಕೆಯಾದದ್ದು 2023ರ ಆಗಸ್ಟ್‌ನಲ್ಲಿ! ಹದಿನಾಲ್ಕು ತಿಂಗಳ ಅಂತರ. ಘಟನೆಯ ದಿನಾಂಕ ಒಂದು, ಸಲ್ಲಿಕೆಯ ದಿನಾಂಕ ಇನ್ನೊಂದು. ತಾಣದ ಪರದೆ ಮೊದಲನೆಯದನ್ನು ಮಾತ್ರ ತೋರಿಸುತ್ತದೆ. ಬರೇ ತಡವಾದದ್ದನ್ನು ಮೋಸ ಎನ್ನಲಾಗದು. ಸೋಮಾರಿತನದಿಂದ ತಡ ಮಾಡುವ ಕಂಪನಿಗಳನ್ನು ಬೇಕಾದಷ್ಟು ಕಂಡಿದ್ದೇನೆ. ಹಾಗಾಗಿ ಆ ಹದಿನಾಲ್ಕು ತಿಂಗಳುಗಳಲ್ಲಿ ಕಂಪನಿಯ ಪರವಾಗಿ ಸಹಿ ಹಾಕಿದವರು ಯಾರು ಎಂದು ನೋಡಬೇಕಾಯಿತು.

ಅದಕ್ಕೆ ಉತ್ತರ ಮೂರನೆಯ ದಾಖಲೆಯಲ್ಲಿ, ಅಂದರೆ ಲೆಕ್ಕಪತ್ರಗಳನ್ನು ಲಗತ್ತಿಸಿದ AOC-4ರಲ್ಲಿ ಇತ್ತು. ಆಸ್ತಿ-ಹೊಣೆ ಪಟ್ಟಿಗೆ 2022ರ ಸೆಪ್ಟೆಂಬರ್‌ನಲ್ಲಿ ನಿರ್ದೇಶಕರಾಗಿ ಸಹಿ ಮಾಡಿದವರು ಜೂನ್‌ನಲ್ಲೇ ರಾಜೀನಾಮೆ ಕೊಟ್ಟಿದ್ದಾರೆ ಎನ್ನಲಾದ ಅದೇ ಹಳೆಯ ನಿರ್ದೇಶಕರು. ಸಹಿಯ ಕೆಳಗೆ ಅವರ ಡಿಐಎನ್ ಕೂಡ ಇತ್ತು. ಹೋದವರು ಮೂರು ತಿಂಗಳ ನಂತರ ಸಹಿ ಹಾಕಲು ಹೇಗೆ ಬಂದರು? ಒಂದೋ ರಾಜೀನಾಮೆಯ ದಿನಾಂಕ ಹಿಂದಕ್ಕೆ ಹಾಕಿದ್ದು, ಇಲ್ಲವೇ ಲೆಕ್ಕಪತ್ರದ ಸಹಿ ಸರಿಯಿಲ್ಲ. ರಾಜೀನಾಮೆಯ ದಿನಾಂಕ, ನಿರ್ದೇಶಕರಾಗಿ ಮಾಡಿದ ಸಹಿ ಎರಡೂ ಸರಿಯಾಗಿರಲು ಸಾಧ್ಯವಿಲ್ಲ.

ಅದೇ ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ಸಂಬಂಧಿತ ಪಕ್ಷಗಳೊಡನೆ, ಅಂದರೆ ನಿರ್ದೇಶಕರು ಮತ್ತು ಅವರಿಗೆ ಸಂಬಂಧಪಟ್ಟವರೊಡನೆ, ನಡೆದ ವ್ಯವಹಾರಗಳ ವಿವರ ಇರುತ್ತದೆ. ನನ್ನ ಮಟ್ಟಿಗೆ ಇಡೀ ಕಡತದಲ್ಲಿ ಮೊದಲು ಓದಬೇಕಾದ ಪುಟ ಅದು. ಅಲ್ಲಿ 'ಗ' ಎಂಬ ಕಂಪನಿಗೆ ಕೊಟ್ಟ ಮುಂಗಡದ ನಮೂದು ಇತ್ತು. ಹಳೆಯ ನಿರ್ದೇಶಕರ ಡಿಐಎನ್ ಹಿಡಿದು ಹೋದಾಗ ಅವರು 'ಗ' ಕಂಪನಿಯಲ್ಲಿ ಇನ್ನೂ ನಿರ್ದೇಶಕರಾಗಿದ್ದರು. ಅದರ ನೋಂದಾಯಿತ ವಿಳಾಸವೂ 'ಕ' ಕಂಪನಿಯ ವಿಳಾಸವೂ ಒಂದೇ ಆಗಿತ್ತು. ಹೊಸ ಆಡಳಿತಕ್ಕೂ ಹಳಬರಿಗೂ ಸಂಬಂಧವಿಲ್ಲ ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು. ನನ್ನ ಪರಿಚಿತರು ಹಣ ಹಾಕಲಿಲ್ಲ.

ಹಾಗೆಂದು ನಾವು ವಂಚನೆಯನ್ನು ಸಾಬೀತು ಮಾಡಿದೆವು ಎನ್ನಲಾರೆ. ಕಂಪನಿಯನ್ನು ನಡೆಸುವವರ ಹೆಸರು ನಿರ್ದೇಶಕರ ಪಟ್ಟಿಯಲ್ಲಿ ಇಲ್ಲದೇ ಇರಬಹುದು. ಒಡೆತನ ತಿಳಿಯಲು ಷೇರುದಾರರ ಪಟ್ಟಿಯನ್ನು ಬೇರೆಯಾಗಿ ನೋಡಬೇಕು. ಡಿಐಎನ್ ಹಿಡಿದರೆ ಕಂಪನಿಗಳು ಮತ್ತು ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗಳಾದ ಎಲ್‌ಎಲ್‌ಪಿಗಳು ಸಿಗುತ್ತವೆಯೇ ಹೊರತು ಅದೇ ವ್ಯಕ್ತಿಯ ಸಾಮಾನ್ಯ ಪಾಲುದಾರಿಕೆ ಸಂಸ್ಥೆ, ಟ್ರಸ್ಟ್, ಸಹಕಾರ ಸಂಘ ಅಥವಾ ವಿದೇಶದ ಕಂಪನಿ ಅಲ್ಲಿ ಕಾಣುವುದಿಲ್ಲ. ಇತರ ಕಂಪನಿ ಇಲ್ಲ ಎಂದು ಪರದೆ ಹೇಳಿದರೆ ಆ ನೋಂದಣಿಯಲ್ಲಿ ಇಲ್ಲ ಎಂದಷ್ಟೇ ಅರ್ಥ.

ಇದರ ಇನ್ನೊಂದು ಮಗ್ಗುಲೂ ಇದೆ, ಅದು ನನ್ನನ್ನು ಹೆಚ್ಚು ಕಾಡುತ್ತದೆ. ನಿಜವಾಗಿಯೂ ರಾಜೀನಾಮೆ ಕೊಟ್ಟು ಹೋದವರ ವಿಷಯದಲ್ಲಿ ಕಂಪನಿ DIR-12 ಸಲ್ಲಿಸದೇ ಇದ್ದರೆ ಅವರ ಹೆಸರು ವರ್ಷಗಟ್ಟಲೆ ಪಟ್ಟಿಯಲ್ಲಿ ಉಳಿಯುತ್ತದೆ. ಕಾಯ್ದೆಯ 168ನೇ ಕಲಂ ಪ್ರಕಾರ ರಾಜೀನಾಮೆ ಜಾರಿಗೆ ಬರುವುದು ಪತ್ರ ಕಂಪನಿಗೆ ತಲುಪಿದ ದಿನ, ಅಥವಾ ಪತ್ರದಲ್ಲಿ ಅದಕ್ಕಿಂತ ಮುಂದಿನ ದಿನ ಬರೆದಿದ್ದರೆ ಆ ದಿನ. ರಿಜಿಸ್ಟ್ರಾರ್ ಕಡತಕ್ಕೆ ಏರಿದ ದಿನವಲ್ಲ. ಹೋದವರು DIR-11 ಮೂಲಕ ತಾವೇ ತಿಳಿಸಲು ಅವಕಾಶವಿದೆ, ಆದರೆ ಅದು ಅನೇಕರಿಗೆ ಗೊತ್ತಿಲ್ಲ. ಸಂಬಳಕ್ಕಿದ್ದ ನೌಕರರನ್ನೇ ನಿರ್ದೇಶಕರನ್ನಾಗಿ ಮಾಡಿ, ಅವರು ಕೆಲಸ ಬಿಟ್ಟ ಮೇಲೂ ಹೆಸರನ್ನು ಹಾಗೆಯೇ ಬಿಟ್ಟ ಕಂಪನಿಗಳಿವೆ. ಅಂಥವರ ಹೆಸರು ಪತ್ರಿಕೆಯಲ್ಲಿ ಬಂದರೆ ಅವರ ಗತಿ ಏನಾಗುತ್ತದೆ ಎಂದು ವರದಿಗಾರರು ಒಮ್ಮೆ ಯೋಚಿಸಬೇಕು.

ಡಿಐಎನ್ ಮುಂದಿನ ಸ್ಥಿತಿಯ ಕಾಲಂ ಕೂಡ ತಪ್ಪು ಓದಿಗೆ ಸಿಕ್ಕಿಬೀಳುತ್ತದೆ. ಕೆವೈಸಿ ವಿವರ ಸಲ್ಲಿಸದ ಕಾರಣ ನಿಷ್ಕ್ರಿಯವಾದ ಡಿಐಎನ್ ಬೇರೆ, ಅನರ್ಹಗೊಂಡ ನಿರ್ದೇಶಕರು ಬೇರೆ. ಮೊದಲನೆಯದು ವಿವರ ಸಲ್ಲಿಸಿ, ದಂಡ ಶುಲ್ಕ ಕಟ್ಟಿದರೆ ಸರಿಹೋಗುವ ಲೋಪ. ಎರಡನೆಯದು 164ನೇ ಕಲಂ ಅಡಿ ಬರುತ್ತದೆ: ಕಂಪನಿ ಸತತ ಮೂರು ಹಣಕಾಸು ವರ್ಷಗಳ ಲೆಕ್ಕಪತ್ರ ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸದಿದ್ದರೆ ಅದರ ನಿರ್ದೇಶಕರು ಐದು ವರ್ಷ ಅನರ್ಹರು. 2017ರಲ್ಲಿ ಸಚಿವಾಲಯ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ನೋಂದಣಿಯಿಂದ ತೆಗೆದುಹಾಕಿ, ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹಗೊಳಿಸಿದಾಗ ಈ ವ್ಯತ್ಯಾಸ ಗೊತ್ತಿಲ್ಲದೆ ಬಹಳ ಮಂದಿ ಗೊಂದಲಕ್ಕೆ ಬಿದ್ದರು. ಅನರ್ಹತೆ ಕೂಡ ಹಣ ನುಂಗಿದ್ದಾರೆ ಎಂಬ ತೀರ್ಪಲ್ಲ.

ಇನ್ನು ಕಂಪನಿಗಳ ಸಂಖ್ಯೆ. ಒಬ್ಬರು 20 ಕಂಪನಿಗಳವರೆಗೆ, ಅದರಲ್ಲಿ ಸಾರ್ವಜನಿಕ ಕಂಪನಿಗಳು 10 ಮೀರದಂತೆ, ನಿರ್ದೇಶಕರಾಗಿರಲು ಕಾಯ್ದೆಯೇ ಅವಕಾಶ ಕೊಟ್ಟಿದೆ. 'ಹನ್ನೆರಡು ಕಂಪನಿಗಳ ನಿರ್ದೇಶಕ' ಎಂಬುದರಲ್ಲಿ ಆರೋಪವೇ ಇಲ್ಲ. ಆ ಹನ್ನೆರಡರಲ್ಲಿ ಎಷ್ಟು ಒಂದೇ ವಿಳಾಸದಲ್ಲಿವೆ, ಯಾವುದಕ್ಕೆ ಮೂಲ ಕಂಪನಿಯ ಹಣ ಹೋಗಿದೆ, ಹಣ ಹೋದ ದಿನ ಆ ವ್ಯಕ್ತಿ ಎರಡೂ ಕಡೆ ಇದ್ದರೇ ಎಂಬುದೇ ಸುದ್ದಿ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಇಂಥ ವರದಿಗಳಲ್ಲಿ ಕಂಪನಿಯ ಗುರುತಿನ ಸಂಖ್ಯೆಯನ್ನು ಅಚ್ಚು ಹಾಕಿ. ಓದುಗರು ತಾವೇ ನೋಡಿಕೊಳ್ಳಲು ಅನುಕೂಲವಾಗುತ್ತದೆ. ನಿರ್ದೇಶಕರ ಹೆಸರಿನ ಜೊತೆಗೆ ಅವರು ಎಂದಿನಿಂದ ಎಂದಿನವರೆಗೆ ಇದ್ದರು, ಆ ದಿನಾಂಕ ಯಾವ ದಾಖಲೆಯದು, ದಾಖಲೆ ಸಲ್ಲಿಕೆಯಾದದ್ದು ಯಾವಾಗ ಎಂಬುದನ್ನು ಬರೆಯಿರಿ. ಪರದೆಯ ಪಟ್ಟಿಯನ್ನು ಮಾತ್ರ ನೋಡಿ ಬರೆದದ್ದಾದರೆ ಅದನ್ನೂ ವರದಿಯಲ್ಲಿ ತಿಳಿಸಿ. ಡಿಐಎನ್ ಹೊಂದಿಸಿ ನೋಡಲು ಆಗಲಿಲ್ಲವೆಂದರೆ ಆ ವ್ಯಕ್ತಿಯ ಇತರ ಕಂಪನಿಗಳ ಸಾಲನ್ನು ದಯವಿಟ್ಟು ಕೈಬಿಡಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಂಪನಿ ಕಾರ್ಯದರ್ಶಿ